ಕಮಲಾಪುರದ ಮೂಲೆಯ ಕಂಪ್ಯೂಟರ್

ಕಂಪ್ಯೂಟರಿನ ಕೆಲಸ ನನಗೆ ಕಲಿಸಿದವರು ನಮ್ಮೂರಿನ ಗಾಜಿಪುರ ಬಡಾವಣೆಯಲ್ಲಿ ರಿಪೇರಿ ಅಂಗಡಿ ನಡೆಸುತ್ತಿದ್ದ ನಮ್ಮ ಸರ್. ಡಿಪ್ಲೊಮಾ ಮುಗಿಸಿ ಅವರ ಹತ್ತಿರ ಸೇರಿದಾಗ ಕೇಬಲ್ ತುದಿಗೆ ಪ್ಲಗ್ ಕೂರಿಸುವುದೂ ನನಗೆ ಬರುತ್ತಿರಲಿಲ್ಲ. ಅವರು ಬೈಯದೆ ಕಲಿಸಿದರು. ಯಾರಿಗಾದರೂ ಸರ್ವರ್ ಸಿಗುತ್ತಿಲ್ಲವೆಂದರೆ ಎಲ್ಲಿಂದ ಹುಡುಕಬೇಕು ಎಂದು ಪದೇ ಪದೇ ಹೇಳುತ್ತಿದ್ದರು.

"ತಳದಿಂದ ಬಾ. ವಯರ್ ನೋಡದಽ ಸರ್ವರ್‌ಗೆ ಬೈಬ್ಯಾಡ. ಒಂದು ಮೆಟ್ಲಾ ಸರಿ ಅದ ಅಂತ ಖಾತ್ರಿ ಆದಮ್ಯಾಲಽ ಮುಂದಿಂದಕ್ಕ ಕಾಲಿಡು. ಮನುಷ್ಯಾರ ಮ್ಯಾಲೆ ಸಂಶಯ ಪಡೋದು ಎಲ್ಲಾದಕಿಂತ ಕಡೀಗೆ."

ಆ ಮಾತಿಗಾಗಿಯೇ ನಾನು ಅವರನ್ನು ತುಂಬ ದೊಡ್ಡವರೆಂದುಕೊಂಡಿದ್ದೆ.

ಊರಂಚಿನ ಕಪನೂರಿನ ಒಂದು ದಾಲ್ ಮಿಲ್ಲು ನಮ್ಮ ಗಿರಾಕಿ. ಲೆಕ್ಕವೆಲ್ಲ ಕೂಡಿಡುವ ಸರ್ವರ್ ಇದ್ದದ್ದು ಮಿಲ್ಲಿನ ಆಫೀಸಿನಲ್ಲಿ. ಕಮಲಾಪುರದಲ್ಲಿ ಅವರದೊಂದು ತೊಗರಿ ಖರೀದಿ ಕೇಂದ್ರವಿತ್ತು. ಅಲ್ಲಿನ ಕಂಪ್ಯೂಟರುಗಳು ಇಂಟರ್ನೆಟ್ ಮೂಲಕ ಇದೇ ಸರ್ವರಿಗೆ ತೂಕದ ಲೆಕ್ಕ ಕಳಿಸಬೇಕು. ಒಂದು ದಿನ ಅಲ್ಲಿನ ಮ್ಯಾನೇಜರ್ ಫೋನ್ ಮಾಡಿದರು. ಎಲ್ಲರ ಕಂಪ್ಯೂಟರೂ ನಡೆಯುತ್ತಿದೆ, ಮೂಲೆಯಲ್ಲಿ ಕೂರುವ ಒಬ್ಬ ಹೆಣ್ಣುಮಗಳದ್ದು ಮಾತ್ರ ಇಲ್ಲ, ವಾರಗಳಿಂದ ಇದೇ ಗೋಳು ಎಂದರು. ಸರ್ ಅದಾಗಲೇ ಕೂತಲ್ಲಿಂದಲೇ ತೀರ್ಪು ಕೊಟ್ಟಾಗಿತ್ತು: ಉಳಿದವರದು ನಡೆಯುತ್ತಿದೆ ಎಂದರೆ ನೆಟ್‌ವರ್ಕ್ ಸರಿಯಿದೆ, ಆಕೆಗೆ ಕಂಪ್ಯೂಟರ್ ಬರುವುದಿಲ್ಲ. ಮಿಲ್ಲಿನ ಮಾಲೀಕರು ಒತ್ತಾಯ ಮಾಡಿದ್ದಕ್ಕೆ ಒಮ್ಮೆ ನೋಡಿ ಬಾ ಎಂದು ನನ್ನನ್ನು ಕಳಿಸಿದರು.

ಹುಮನಾಬಾದ್ ಕಡೆಯ ಬಸ್ಸು ಹಿಡಿದು ಹೋದೆ. ಖರೀದಿ ಕೇಂದ್ರದಲ್ಲಿ ತೊಗರಿಯ ಧೂಳು ಮೇಜು, ಕುರ್ಚಿ, ಕೀಬೋರ್ಡುಗಳ ಮೇಲೆಲ್ಲ ಹರಡಿತ್ತು. ಮ್ಯಾನೇಜರ್ ಮೂಲೆಯ ಕಡೆ ಗದ್ದ ಎತ್ತಿ ತೋರಿಸಿದರು. ಅಲ್ಲಿದ್ದಾಕೆ ನನಗಿಂತ ಹದಿನೈದು ವರ್ಷವಾದರೂ ಹಿರಿಯಳು. ತೂಕದ ಚೀಟಿಗಳನ್ನು ಕೈಯಲ್ಲಿ ಬರೆದು, ಬೇರೆಯವರ ಕುರ್ಚಿ ಖಾಲಿಯಾಗುವುದನ್ನೇ ಕಾದು, ಅವರ ಕಂಪ್ಯೂಟರಿನಲ್ಲಿ ಸೇರಿಸುತ್ತಿದ್ದಳು. ಅದಕ್ಕೇ ಲೆಕ್ಕ ತಡವಾಗುತ್ತಿತ್ತು, ಅದಕ್ಕೇ ಬೈಗುಳ. ಬರುವ ವಾರದಿಂದ ಆಕೆಯನ್ನು ಗೋದಾಮಿನಲ್ಲಿ ಚೀಲ ಎಣಿಸಲು ಹಾಕುವುದೆಂದು ತೀರ್ಮಾನವೂ ಆಗಿತ್ತು. ನನಗೆ ಕುರ್ಚಿ ಬಿಟ್ಟುಕೊಟ್ಟು, ತಾನೇ ಏನೋ ಮುರಿದು ಹಾಕಿದವಳ ಹಾಗೆ ಗೋಡೆಗೆ ಒತ್ತಿ ನಿಂತಳು.

ನಾನು ತಳದಿಂದ ಶುರುಮಾಡಿದೆ. ಕೇಬಲ್ ಸೇರುವ ಜಾಗದಲ್ಲಿ ಹಸಿರು ದೀಪ ಮಿನುಗುತ್ತಿತ್ತು. ಆದರೂ ಪಕ್ಕದವರ ಕೇಬಲ್ ತಂದು ಹಾಕಿದೆ, ಎಲ್ಲ ಕೇಬಲ್ಲುಗಳು ಬಂದು ಸೇರುವ ಸ್ವಿಚ್ಚಿನಲ್ಲಿ ತೂತು ಬದಲಿಸಿದೆ. ಬದಲಾಗಲಿಲ್ಲ. ಕಂಪ್ಯೂಟರಿಗೆ ಕೊಟ್ಟ ವಿಳಾಸ ನೋಡಿದೆ. ಉಳಿದವರ ಸಾಲಿನದ್ದೇ, ಇನ್ನೊಬ್ಬರ ವಿಳಾಸದ ಜೊತೆ ಜಗಳವೂ ಇರಲಿಲ್ಲ. ಆಮೇಲೆ ಪಿಂಗ್ ಮಾಡಿದೆ. ಪಿಂಗ್ ಎಂದರೆ, ಇದೀಯಾ ಎಂದು ಒಂದು ಯಂತ್ರ ಇನ್ನೊಂದನ್ನು ಕೇಳುವುದು, ಅಷ್ಟೆ. ಪಕ್ಕದ ಕಂಪ್ಯೂಟರ್ ಉತ್ತರ ಕೊಟ್ಟಿತು. ಪ್ರಿಂಟರೂ ಕೊಟ್ಟಿತು. ಅಂದರೆ ಕೇಬಲ್, ಅದು ಸೇರುವ ಕಂಪ್ಯೂಟರಿನೊಳಗಿನ ಕಾರ್ಡು, ಸ್ವಿಚ್ಚು ಮೂರೂ ನಿರ್ದೋಷಿಗಳು. ಕಟ್ಟಡದ ಒಳಗೆ ಎಲ್ಲ ಸರಿಯಿತ್ತು.

ಉಳಿದದ್ದು ಹೊರಗೆ ಹೋಗುವ ಬಾಗಿಲು. ಅದಕ್ಕೆ ಗೇಟ್‌ವೇ ಎನ್ನುತ್ತೇವೆ. ಕಪನೂರಿನ ಸರ್ವರಿಗೆ ಹೋಗುವುದೆಲ್ಲ ಮೊದಲು ಆ ಬಾಗಿಲಿಗೇ ಹೋಗಬೇಕು. ಅಲ್ಲಿ ಆ ಕೆಲಸ ಮಾಡುತ್ತಿದ್ದದ್ದು ಗೋಡೆಯ ಮೇಲಿನ ರೌಟರ್. ಆಕೆಯ ಕಂಪ್ಯೂಟರಿನಲ್ಲಿ ಬರೆದಿದ್ದ ಗೇಟ್‌ವೇ ವಿಳಾಸಕ್ಕೆ ಪಿಂಗ್ ಮಾಡಿದೆ. ಉತ್ತರವಿಲ್ಲ. ಪಕ್ಕದ ಕಂಪ್ಯೂಟರಿಗೆ ಹೋಗಿ ಅದರ ಗೇಟ್‌ವೇ ನೋಡಿದೆ. ಕೊನೆಯ ಅಂಕಿ ಬೇರೆ. ವಾಪಸ್ ಬಂದು ಆಕೆಯ ಕಂಪ್ಯೂಟರಿನಿಂದ ಆ ಇನ್ನೊಂದು ವಿಳಾಸವನ್ನು ಕೇಳಿದೆ. ತಕ್ಷಣ ಉತ್ತರ ಬಂತು. ಬಾಗಿಲು ಅಲ್ಲೇ ಇತ್ತು, ಈ ಕಂಪ್ಯೂಟರಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಅಂಕಿ ತಿದ್ದಿದೆ. ಸರ್ವರ್ ಉತ್ತರಿಸಿತು. ತೂಕದ ಪರದೆ ತೆರೆದುಕೊಂಡಿತು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಗೇಟ್‌ವೇ ವಿಳಾಸ ಬೇರೆಯಾಗಿದೆ ಎಂದರೆ ರೌಟರ್ ಬದಲಾಗಿರಬೇಕು, ಯಾವಾಗ ಬದಲಾಯಿತು ಎಂದು ಅಲ್ಲಿದ್ದವರನ್ನು ಕೇಳಿದೆ. ಹಳೆಯದು ಸುಟ್ಟುಹೋದಾಗ ನಮ್ಮ ಸರ್ ಅವರೇ ಬಂದು ಹೊಸದು ಹಾಕಿದ್ದರಂತೆ. ಆ ದಿನ ಮಗಳಿಗೆ ಜ್ವರವೆಂದು ಆಕೆ ರಜೆಯಲ್ಲಿದ್ದಳು. ಆಕೆಯ ಕಂಪ್ಯೂಟರ್ ಬಂದ್ ಇತ್ತು. ಹೊಸ ರೌಟರಿನ ವಿಳಾಸ ಬೇರೆ. ಉಳಿದೆಲ್ಲ ಕಂಪ್ಯೂಟರುಗಳಲ್ಲಿ ಸರ್ ಕೈಯಿಂದ ಹೊಸ ವಿಳಾಸ ಬರೆದಿದ್ದರು, ಇದನ್ನು ಬಿಟ್ಟು ಬಸ್ಸು ಹತ್ತಿದ್ದರು.

ಮರೆವು ಯಾರಿಗಿಲ್ಲ. ನಾನು ಅಂಗಳಕ್ಕೆ ಹೋಗಿ ಸರ್‌ಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಅದರಿಂದಲೇ ನನಗೆ ತಿಳಿಯಿತು, ಇವರಿಗೆ ದೂರು ಬಂದ ಮೊದಲ ದಿನದಿಂದಲೂ ಗೊತ್ತಿತ್ತು ಎಂದು.

"ಕೇಬಲ್ ಲೂಸ್ ಆಗಿತ್ತು ಅಂತ ಹೇಳಿ ಬಾ," ಎಂದರು.

"ಕೇಬಲ್ ಛಲೋ ಅದ ರೀ ಸರ್. ನಾನೇ ಬದಲಿ ಮಾಡಿ ನೋಡೀನಿ."

"ನೀ ನೋಡಿದ್ದು ಯಾರು ಕೇಳ್ಯಾರ? ಮಿಲ್ಲಿನ ಕೆಲಸ ಕೈಬಿಟ್ಟು ಹೋದ್ರ ನಿನ್ನ ಪಗಾರ ಎಲ್ಲಿಂದ ಕೊಡ್ಲಿ?"

ನಾನು ಒಳಗೆ ಹೋಗಿ ಮ್ಯಾನೇಜರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಗೇಟ್‌ವೇ ವಿಳಾಸ ಹಳೆಯದಿತ್ತು, ರೌಟರ್ ಬದಲಿಸಿದಾಗ ನಮ್ಮವರು ಬಿಟ್ಟುಹೋಗಿದ್ದರು, ಇವರದು ಏನೂ ತಪ್ಪಿಲ್ಲ. ಅವರು ಕೇಳಿಸಿಕೊಂಡರು, ತಲೆಯಾಡಿಸಿದರು, ನನ್ನೆದುರಿಗೇ ಸರ್‌ಗೆ ಫೋನ್ ಹಚ್ಚಿದರು. ಆ ಕಡೆಯಿಂದ ಏನು ಬಂತೆಂದು ಅವರ ಮುಖ ಹಗುರಾದದ್ದರಿಂದಲೇ ಗೊತ್ತಾಯಿತು. ಫೋನ್ ಇಟ್ಟು, ನಾನು ಕಳಿಸಿದ ಹುಡುಗಿ ಹೊಸಬಳು, ಅವಳಿಗೆ ತಿಳಿಯುವುದಿಲ್ಲ ಎಂದು ನಿಮ್ಮ ಸರ್ ಅಂದರು ಎಂದು ನಕ್ಕರು. ಮೇಜಿನ ಕೆಳಗೆ ಕಾಲು ತಾಗಿ ಕೇಬಲ್ ಜಗ್ಗಿರಬೇಕಂತೆ. ಅಂದರೆ ತಪ್ಪು ಮತ್ತೆ ಆಕೆಯ ಕಾಲಿಗೇ ಬಂತು. ಗೋದಾಮಿನ ತೀರ್ಮಾನ ಬದಲಾಗಲಿಲ್ಲ. ಆ ಕುರ್ಚಿಗೆ ಬೇರೆಯವರನ್ನು ಆಗಲೇ ಗೊತ್ತುಮಾಡಿದ್ದರು.

ಬಸ್ಸಿಗೆ ಹೊರಟಾಗ ಆಕೆ ರಸ್ತೆಯವರೆಗೂ ಬಂದಳು.

"ತಂಗಿ, ಖರೇ ಹೇಳು. ನನ್ನ ಕಡಿಂದ ಏನೂ ಕೆಟ್ಟಿರಲಿಲ್ಲಲ್ಲ?"

"ಏನೂ ಇಲ್ಲ ರೀ ಅಕ್ಕಾರ. ನೀವು ಮುಟ್ಟಿದ್ದೇ ಅಲ್ಲ ಅದು."

"ಮನ್ಯಾಗೂ ಅಂತಿದ್ರು, ನಿನಗಽ ಬರಂಗಿಲ್ಲೇನೋ ಅಂತ. ನನಗೂ ಹಂಗಽ ಅನಸಾಕತ್ತಿತ್ತು," ಎಂದು ತಿರುಗಿ ಹೋದಳು. ನನಗೆ ಧನ್ಯವಾದ ಹೇಳಲಿಲ್ಲ. ಹೇಳುವಂಥದ್ದನ್ನು ನಾನು ಮಾಡಿಯೂ ಇರಲಿಲ್ಲ.

ಮರುದಿನ ಅಂಗಡಿಯಲ್ಲಿ ಸರ್ ಚಹಾ ತರಿಸಿ ನನ್ನ ಮುಂದಿಟ್ಟರು, ಕಮಲಾಪುರದ ಮಾತೆತ್ತಲಿಲ್ಲ. ನಾನು ಚಹಾ ಕುಡಿದೆ. ಬೇರೆ ಕೆಲಸ ಸಿಗುವವರೆಗೂ ಅಲ್ಲೇ ಇದ್ದೆ. ಆ ದಿನಗಳಲ್ಲಿ ಅವರು ಕಲಿಸಿದ್ದೆಲ್ಲ ಸರಿಯಾಗಿಯೇ ಇತ್ತು, ಅದೇ ನನಗೆ ಹೆಚ್ಚು ಸಿಟ್ಟು ತರಿಸುತ್ತಿತ್ತು. ಸುಳ್ಳು ಕಲಿಸಿದ್ದರೆ ಬಿಟ್ಟುಬಿಡಬಹುದಿತ್ತು. ಈಗ ನಾನು ನಮ್ಮೂರಿನ ಕೋಟೆಯ ಹತ್ತಿರದ ಒಂದು ಆಫೀಸಿನಲ್ಲಿ ಇದೇ ಕೆಲಸ ಮಾಡುತ್ತೇನೆ, ಅವರು ಹೇಳಿಕೊಟ್ಟ ಕ್ರಮದಲ್ಲೇ ಮಾಡುತ್ತೇನೆ, ಬೇರೆ ಕ್ರಮ ನನಗೆ ಗೊತ್ತಿಲ್ಲ. ಆಕೆ ತೊಗರಿಯ ಹಂಗಾಮು ಮುಗಿಯುವ ಮೊದಲೇ ಕೆಲಸ ಬಿಟ್ಟಳೆಂದು ಆಮೇಲೆ ಕೇಳಿದೆ. ಎಲ್ಲಿಗೆ ಹೋದಳೆಂದು ಮಿಲ್ಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.