ಹೆಚ್ಚುತ್ತಲೇ ಹೋದ ಪುಟ್ಟುಕುಟ್ಟಿ

ಕೊಚ್ಚಿಯ ಒಂದು ಬಾಡಿಗೆ ಕೋಣೆಯೇ ನಮ್ಮ ಕಂಪನಿ. ಕಾಸರಗೋಡಿನ ನಾನು, ಮೈಸೂರಿನ ನನ್ನ ಸಹಪಾಠಿ, ಇಬ್ಬರೇ. ತಿರುವನಂತಪುರದ ಚಾಲೈ ಬೀದಿಯ ಪಾತ್ರೆ ಅಂಗಡಿಯ ಒಡತಿ, ನಾವು ಚೇಚಿ, ಅಂದರೆ ಅಕ್ಕ, ಎನ್ನುವವರು, ನಮ್ಮ ಮೊದಲ ಗಿರಾಕಿ. ಅವರ ಅಂಗಡಿಗೆ ನಾವು ಮಾಡಿದ ವೆಬ್‌ಸೈಟನ್ನು ಅವರು ಒಪ್ಪದಿದ್ದರೆ ಕೋಣೆಗೆ ಬೀಗ ಹಾಕಿ ಊರಿಗೆ ಹೋಗುವುದೆಂದು ಮಾತಾಡಿಕೊಂಡೇ ರೈಲು ಹತ್ತಿದ್ದೆವು.

ಅದರ ಕಾರ್ಟ್, ಅಂದರೆ ಕೊಳ್ಳುವವರು ಆರಿಸಿದ ಸಾಮಾನಿನ ಬುಟ್ಟಿ, ಮಾಡಿದ್ದು ನನ್ನ ಸಹಪಾಠಿ. ಲಾಗಿನ್ ಆಗದವರು ಆರಿಸಿದ ಸಾಮಾನು ಅವರ ಫೋನಿನೊಳಗೇ, ಬ್ರೌಸರಿನ ಲೋಕಲ್ ಸ್ಟೋರೇಜಿನಲ್ಲಿ, ಉಳಿಯುತ್ತದೆ. ಲಾಗಿನ್ ಆದೊಡನೆ ಅದು ಸರ್ವರಿಗೆ ಹೋಗಿ, ಅವರ ಖಾತೆಯ ಹಳೇ ಕಾರ್ಟಿನ ಜೊತೆ ಕೂಡುತ್ತದೆ. ಕೂಡಿ ಬಂದದ್ದನ್ನು ಇವನು ಮತ್ತೆ ಲೋಕಲ್ ಸ್ಟೋರೇಜಿಗೇ ಬರೆದಿಟ್ಟಿದ್ದ, ಪುಟ ಬೇಗ ತೆರೆಯಲಿ ಅಂತ.

"ಲಾಗೌಟ್ ಆದಾಗ ಏನು ಮಾರಾಯ?" ಎಂದು ಮೊದಲೇ ಕೇಳಿದ್ದೆ.

"ಅಯ್ಯೋ, ಈ ಕಾಲದಲ್ಲಿ ಯಾರೇ ಲಾಗೌಟ್ ಮಾಡ್ತಾರೆ?" ಅಂದಿದ್ದ ಮಹಾನುಭಾವ. ನಿಜ, ನಾವಿಬ್ಬರೂ ತಿಂಗಳುಗಟ್ಟಲೆ ಮಾಡಿರಲಿಲ್ಲ.

ಚೇಚಿಯದು ಬೇರೆ ಪದ್ಧತಿ. ಚಹಾ ಕುಡಿಯಲು ತಿರುಗಿದರೂ ಗಲ್ಲಾಪೆಟ್ಟಿಗೆಗೆ ಬೀಗ ಹಾಕುವ ಹೆಂಗಸು. ಒಂದು ಪುಟ್ಟುಕುಟ್ಟಿ, ಅದೇ ಪುಟ್ಟು ಬೇಯಿಸುವ ಪಾತ್ರೆ, ತಮ್ಮ ಫೋನಿನಲ್ಲಿ ಆರಿಸಿದರು, ಲಾಗಿನ್ ಆದರು, ನೋಡಿದರು, ಲಾಗೌಟ್ ಮಾಡಿದರು. ಮತ್ತೆ ಲಾಗಿನ್ ಆದರೆ ಎರಡು. ಮತ್ತೆ ನಾಲ್ಕು. ಆಮೇಲೆ ಎಂಟು. ಪ್ರತಿ ಸಲವೂ ಫೋನಿನಲ್ಲಿ ಉಳಿದ ನಕಲು ಹೊಸ ಸಾಮಾನಿನ ಹಾಗೆ ಸರ್ವರಿಗೆ ಸೇರುತ್ತಿತ್ತು.

"ಮೋಳೇ, ಇದು ಮರಿ ಹಾಕ್ತಿದೆಯಲ್ಲಾ!" ಎಂದು, ನನ್ನನ್ನು ಮಗಳೆಂದು ಕರೆದು, ಮಲಯಾಳದಲ್ಲಿ ಹೇಳಿ ನಕ್ಕರು ಚೇಚಿ. "ಹೀಗೇ ಇರಲಿ ಬಿಡು, ವ್ಯಾಪಾರ ಜೋರಾಗುತ್ತೆ."

ನನಗೂ ನಗು ತಡೆಯಲಿಲ್ಲ. ಅವನ ಮುಖ ಮಾತ್ರ ಸುಣ್ಣ ಬಳಿದ ಹಾಗಿತ್ತು. ಚೇಚಿಯ ನಗು ನಿಂತಿತು. "ಗಿರಾಕಿಗೆ ಹೀಗಾದರೆ ನನ್ನ ಹೆಸರು ಹೋಗುತ್ತೆ. ಇವತ್ತೇ ಸರಿಯಾಗಬೇಕು, ಇಲ್ಲದಿದ್ದರೆ ಬೇಡ."

ಉರುಳಿ ಪಾತ್ರೆಗಳ ನಡುವೆ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತೆವು. ಇನ್ನು ಮುಂದೆ, ಸಾಮಾನನ್ನು ಸರ್ವರ್ ಒಪ್ಪಿಕೊಂಡ ಮರುಕ್ಷಣ ಫೋನಿನೊಳಗಿನ ಕಾರ್ಟ್ ಖಾಲಿಯಾಗಬೇಕು. ಲಾಗಿನ್ ಆದಮೇಲೆ ಸರ್ವರಿನದು ಮಾತ್ರ ಕಾಣಬೇಕು. ನಾನು ಹೇಳುತ್ತಾ ಹೋದೆ, ಅವನು ತುಟಿಪಿಟಕ್ಕೆನ್ನದೆ ಬರೆದ. ಆ ಮೌನ ಎಷ್ಟು ಹಿತವಾಗಿತ್ತೆಂದರೆ, ಇನ್ನೂ ಸ್ವಲ್ಪ ನಿಧಾನವಾಗಿ ಹೇಳಿದೆ.

ಹಳೇ ಕಾರ್ಟ್ ಅಳಿಸಿ, ಚೇಚಿ ಹೊಸದಾಗಿ ಒಂದು ಪುಟ್ಟುಕುಟ್ಟಿ ಆರಿಸಿದರು. ಲಾಗಿನ್. ಒಂದೇ. ಲಾಗೌಟ್. ಕಾರ್ಟ್ ಖಾಲಿ!

"ಎಲ್ಲಿ ಹೋಯಿತು?" ಎಂದು ಹುಬ್ಬು ಗಂಟಿಕ್ಕಿದರು. "ನಿಮ್ಮ ಖಾತೆಯಲ್ಲೇ ಇದೆ ಚೇಚಿ, ಒಳಗೆ ಬನ್ನಿ" ಅಂದೆ. ಮತ್ತೆ ಲಾಗಿನ್. ಒಂದೇ. ನಂಬದೆ ಇನ್ನೂ ಎಷ್ಟೋ ಸಲ ಹೋಗಿ ಬಂದರು. ಒಂದೇ.

"ಶರಿ, ಶುರು ಮಾಡೋಣ. ಪಕ್ಕದ ಬೀದಿಯ ನನ್ನ ತಂಗಿಯ ಅಂಗಡಿಗೂ ಇದೇ ಮಾಡಿಕೊಡಿ."

ಖುಷಿಗೆ ಅವನ ಬೆನ್ನಿಗೊಂದು ಗುದ್ದಿದೆ. ಅವನೋ ಕೇಳಿದ: "ಚೇಚೀ, ಅವರೂ ಲಾಗೌಟ್ ಮಾಡ್ತಾರಾ?"

"ಅವಳಾ? ಒಂದೇ ಫೋನು, ಮನೆಯಲ್ಲಿ ಐದು ಜನ. ದಿನವಿಡೀ ಅದೇ ಕೆಲಸ."