ಬೀಗಿತಿಯ ಫ್ರಿಜ್ಜಿನಲ್ಲಿ ಉಳಿದ ಇಂಜೆಕ್ಷನ್

ನನ್ನ ಮಗಳಿಗೆ ಎದೆಯ ಕ್ಯಾನ್ಸರ್ ಆದಾಗ ಅವಳ ಗಂಡ ದುಬೈಯಲ್ಲಿದ್ದ. ಅವಳು ಭಟ್ಕಳದಲ್ಲಿ ಅತ್ತೆಯ ಜೊತೆಗಿದ್ದಳು. ನಾನು ಹೊನ್ನಾವರದಲ್ಲಿ ಮೀನು ಮಾರುತ್ತಿದ್ದೆ. ಮಂಗಳೂರಿನಲ್ಲಿ ಮೊದಲ ಕೀಮೋ ಆದ ಮೇಲೆ ಬೀಗಿತಿ ನನಗೆ, “ನಿಮ್ಮ ಮನೇಲಿ ಮೀನಿನ ವಾಸನೆ, ನೊಣ. ಹುಡ್ಗಿ ಇಲ್ಲೇ ಇರ್ಲಿ” ಅಂದಳು. ಬೀಗಿತಿಯ ಅಪ್ಪನೂ ಬಲೆ ಹಾಕಿಯೇ ಬದುಕಿದವನು. ಮನೆಗೆ ಫ್ರಿಜ್ ಬಂದ ಮೇಲೆ ಅದು ಮರೆತುಹೋಗಿತ್ತು.

ಡಾಕ್ಟರ್ ಇಂಜೆಕ್ಷನ್ ಬರೆದುಕೊಟ್ಟಿದ್ದರು. ಕೀಮೋದ ಮರುದಿನದಿಂದ ದಿನಕ್ಕೊಂದು, ಫ್ರಿಜ್ಜಿನಲ್ಲಿಡಬೇಕು, ಹೆಪ್ಪುಗಟ್ಟಬಾರದು. ಕೊಡಲು ಅದೇ ಓಣಿಯ ನರ್ಸ್ ಬರುತ್ತಿದ್ದಳು. ನಾನು ಫೋನು ಮಾಡಿ ಕೇಳಿದಾಗಲೆಲ್ಲ ಬೀಗಿತಿಯದು ಒಂದೇ ಮಾತು, “ಎಲ್ಲಾ ಸರಿ ನಡೀತಾ ಉಂಟು.”

ಒಂದು ಬೆಳಿಗ್ಗೆ ಬುಟ್ಟಿಯನ್ನು ತಂಗಿಗೆ ಒಪ್ಪಿಸಿ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಮಗಳು ಚಳಿಗೆ ನಡುಗುತ್ತಿದ್ದಳು, ಮೈ ಕೆಂಡವಾಗಿತ್ತು.

“ಎಂತ ಆತು?”

“ನಿನ್ನೆ ಸ್ವಲ್ಪ ಜ್ವರ ಬಂದಿತ್ತು, ಮಾತ್ರೆ ಕೊಟ್ಟೆ, ಇಳೀತು. ಗಂಟಲು ಕೆಂಪಿಲ್ಲ, ಕೀವಿಲ್ಲ, ಗಾಯ ಇಲ್ಲ. ಹೆದ್ರೂದು ಎಂತಕ್ಕೆ?” ಅಂದಳು ಬೀಗಿತಿ.

“ಜ್ವರ ಬಂದ್ರೆ ಕೂಡ್ಲೇ ಬನ್ನಿ ಅಂದಿದ್ರಲ್ಲ ಡಾಕ್ಟರು!”

ನೀರು ಕೊಡಲು ಫ್ರಿಜ್ ತೆಗೆದೆ. ಸೊಪ್ಪಿನ ಕಟ್ಟಿನ ಹಿಂದೆ ಇಂಜೆಕ್ಷನ್ ಪೆಟ್ಟಿಗೆಗಳು ಹಾಗೇ ಇದ್ದವು. ಎರಡು ಕೊಟ್ಟ ಮೇಲೆ ಬೀಗಿತಿ ನರ್ಸನ್ನು ಬಾಗಿಲಿಂದಲೇ ವಾಪಸ್ ಕಳಿಸಿದ್ದಳು. “ಸೂಜಿ ಚುಚ್ಚಿದ್ ಮೇಲೆ ಸೊಂಟದ ಎಲುಬು ನೋವು ಅಂತ ಹುಡ್ಗಿ ಅಳ್ತಿತ್ತು. ಅದು ವಿಷ” ಅಂದಳು. ಮಗಳೂ ನೋವು ತಪ್ಪಿತಲ್ಲ ಅಂತ ಸುಮ್ಮನಿದ್ದಳು. ನನಗೆ ಆಗ ಬೀಗಿತಿಯ ಕೆನ್ನೆ ಕಾಣಿಸಿತು, ಆದರೆ ಹೊಡೆಯಲು ಪುರಸೊತ್ತಿರಲಿಲ್ಲ. ಪಕ್ಕದ ಮನೆಯವರ ಜೀಪಿನಲ್ಲಿ ಮಂಗಳೂರಿಗೆ ಓಡಿದೆವು.

ರಕ್ತ ನೋಡಿದ ಡಾಕ್ಟರಮ್ಮ, ಬಿಳಿ ರಕ್ತಕಣ ತಳ ಕಂಡಿದೆ ಅಂದರು. ಕೂಡಲೇ ರೋಗಾಣು ಕೊಲ್ಲುವ ಔಷಧಿಯನ್ನು ನರಕ್ಕೆ ಏರಿಸಿದರು. ಮಗಳು ಉಳಿಯುತ್ತಾಳೋ ಇಲ್ಲವೋ ಎಂದು ಕೇಳಿದ್ದಕ್ಕೆ, “ಇನ್ನೂ ತಡ ಆಗಿದ್ರೆ ಹೇಳ್ಲಿಕ್ಕೆ ಬರ್ತಿರಲಿಲ್ಲ” ಅಂದರು.

ಆಮೇಲೆ ನನ್ನನ್ನು ಕೂರಿಸಿ ತಿಳಿಸಿ ಹೇಳಿದರು. ಕ್ಯಾನ್ಸರ್ ಗಡ್ಡೆ ಬೇಗ ಬೇಗ ಬೆಳೆಯುವಂಥದ್ದು. ಕೀಮೋ ಔಷಧಿ ಬೇಗ ಬೆಳೆಯುವುದನ್ನು ಹುಡುಕಿ ಹೊಡೆಯುತ್ತದೆ. ಎಲುಬಿನೊಳಗಿನ ಮಜ್ಜೆಯಲ್ಲಿ ರಕ್ತದ ಕಣಗಳೂ ಹಾಗೇ ಬೇಗ ಬೇಗ ಹುಟ್ಟುತ್ತವೆ. ಔಷಧಿಗೆ ನಮ್ಮದು, ವೈರಿಯದು ಎಂಬ ಭೇದವಿಲ್ಲ. ಕೂದಲು ಉದುರುವುದೂ ಇದಕ್ಕೇ. ರೋಗಾಣುವನ್ನು ತಿನ್ನುವ ಬಿಳಿಕಣಕ್ಕೆ ಆಯುಸ್ಸು ಬಹಳ ಕಡಿಮೆ. ಇದ್ದವು ಸಾಯುತ್ತವೆ, ಹೊಸವು ಹುಟ್ಟುವುದಿಲ್ಲ. ಕೀಮೋ ಆಗಿ ವಾರ ಕಳೆಯುವ ಹೊತ್ತಿಗೆ ಮೈಗೆ ಕಾವಲೇ ಇರುವುದಿಲ್ಲ. ಆಗ ನಮ್ಮದೇ ಬಾಯಿಯ, ಹೊಟ್ಟೆಯ ರೋಗಾಣುವೂ ರಕ್ತಕ್ಕೆ ನುಗ್ಗಿ ಕೊಲ್ಲಬಹುದು. ಕೀವು ಅನ್ನುವುದೇ ಆ ಕಣಗಳು ಹೋರಾಡಿ ಸತ್ತ ಗುರುತು. ಕಣವೇ ಇಲ್ಲದವಳಿಗೆ ಕೀವೆಲ್ಲಿಂದ ಬರಬೇಕು? ಜ್ವರ ಒಂದೇ ಗುರುತು. ಅದನ್ನೂ ಬೀಗಿತಿ ಮಾತ್ರೆ ಕೊಟ್ಟು ಅಳಿಸಿದ್ದಳು.

“ಹಾಗಾದ್ರೆ ಆ ಇಂಜೆಕ್ಷನ್?”

“ಅದು ಕ್ಯಾನ್ಸರಿಗಲ್ಲ. ಬೇಗ ಬಿಳಿಕಣ ಹುಟ್ಟಿಸು ಅಂತ ಮಜ್ಜೆಯನ್ನು ಎಬ್ಬಿಸ್ಲಿಕ್ಕೆ. ಮಜ್ಜೆ ಕೆಲಸ ಮಾಡುವಾಗ ಎಲುಬು ನೋಯ್ತದೆ. ನೋವಿಗೆ ನಾವು ಮಾತ್ರೆ ಕೊಡ್ತೇವೆ, ಇಂಜೆಕ್ಷನ್ ಬಿಡಬಾರದು.”

ಮಗಳು ಉಳಿದಳು. ಎರಡನೇ ಕೀಮೋ ತಡವಾಯಿತು, ಅದು ಮುಗಿದ ಮೇಲೆ ಅವಳನ್ನು ನಾನು ಹೊನ್ನಾವರಕ್ಕೇ ಕರೆತಂದೆ. ಮೀನಿನ ಬುಟ್ಟಿಯನ್ನು ಮನೆಯ ಹತ್ತಿರಕ್ಕೂ ತರಲಿಲ್ಲ. ಪಕ್ಕದ ಮನೆಯ ಫ್ರಿಜ್ಜಿನಲ್ಲಿ ಇಂಜೆಕ್ಷನ್ ಇಟ್ಟು, ಒಂದನ್ನೂ ತಪ್ಪಿಸದೆ ಕೊಡಿಸಿದೆ.

ಕಣ ಇಳಿಯುವ ದಿನಗಳಲ್ಲೇ ಬೀಗಿತಿ ಹಣ್ಣು ಹಿಡಿದು ಬಂದಳು. ಮೂಗು ಸೋರುತ್ತಿತ್ತು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಒಳಗೆ ಬರೂಕೆ ಇಲ್ಲ.”

“ಅತ್ತೆನೂ ಬರಬಾರ್ದಾ?”

“ಶೀತ ಇದ್ದವ್ರು ಯಾರೂ ಬರಬಾರ್ದು. ಸೂಜಿ ಅಡಗಿಸಿಟ್ಟವ್ರಂತೂ ಬರಲೇಬಾರ್ದು.”

ಕೇರಿಯ ಹೆಂಗಸರು ಆಚೆ ಕಟ್ಟೆಯ ಮೇಲೆ ಮೀನು ಸ್ವಚ್ಛ ಮಾಡುತ್ತಿದ್ದರು. ಬೇಕೆಂದೇ ಅವರಿಗೆ ಕೇಳುವಂತೆ ಎಲ್ಲ ಹೇಳಿದೆ: ಸೊಪ್ಪಿನ ಹಿಂದಿನ ಪೆಟ್ಟಿಗೆ, ಜ್ವರ ಮುಚ್ಚಿದ ಮಾತ್ರೆ, ಫೋನಿನಲ್ಲಿ ಹೇಳಿದ ಸುಳ್ಳು. “ಅಯ್ಯೋ, ಕೊಲ್ಲೂಕೆ ಹೊರಟಿದ್ಯನೇ?” ಅಂದಳು ಒಬ್ಬಳು. ಬೀಗಿತಿಯ ಮುಖ ಕರ್ರಗಾಯಿತು. ಅಂಗಳದಲ್ಲಿ ಬಿಸಿಲಿಗೆ ಕುರ್ಚಿ ಹಾಕಿಕೊಟ್ಟೆ. ಕಟ್ಟೆಯ ಮೀನಿನ ವಾಸನೆಗೆ ಸೆರಗಿನಿಂದ ಮೂಗು ಮುಚ್ಚಿ ಕೂತಳು. ನನಗೆ ಹೊಟ್ಟೆ ತಣ್ಣಗಾಯಿತು.

ಈ ಸಲ ಜ್ವರ ಬರಲಿಲ್ಲ. ಡಾಕ್ಟರಮ್ಮ ರಕ್ತ ನೋಡಿ, ಕಣ ಏರಿದೆ, ಮುಂದಿನ ಕೀಮೋ ಹೊತ್ತಿಗೆ ಸರಿಯಾಗಿ ಕೊಡಬಹುದು ಅಂದರು. ಆರೋಗ್ಯವಾಗಿದ್ದವರು ಕೈ ತೊಳೆದು ಹತ್ತಿರ ಬರಬಹುದು ಎಂದೂ ಹೇಳಿದರು. ಆ ಮಾತನ್ನು ನಾನು ಬೀಗಿತಿಗೆ ಹೇಳಲಿಲ್ಲ. ಮರುವಾರ ಶೀತ ಬಿಟ್ಟು ಬಂದಾಗಲೂ ಅಂಗಳದಲ್ಲೇ ಕೂರಿಸಿದೆ.

ಡಾಕ್ಟರಮ್ಮ ಹೇಳಿದ್ದು ಮಗಳಿಗೆ ಗೊತ್ತಿತ್ತು. “ಅಮ್ಮಾ, ಸಾಕು ಮಾರಾಯ್ತಿ” ಅಂದವಳೇ, ಬೋಳುತಲೆಗೆ ಬಟ್ಟೆ ಸುತ್ತಿಕೊಂಡು ತಾನೇ ಹೊರಗೆ ಹೋಗಿ ಅತ್ತೆಯ ಕುರ್ಚಿಯ ಪಕ್ಕದ ಮೆಟ್ಟಿಲ ಮೇಲೆ ಕೂತಳು. ಬೀಗಿತಿ ಅಳತೊಡಗಿದಳು. ನಾನು ಒಳಗೆ ಚಹಾ ಮಾಡಿದೆ. ಒಂದೇ ಲೋಟ ತಂದು ಮಗಳ ಕೈಗೆ ಕೊಟ್ಟೆ.