ಮೂವತ್ತು ದಿನಗಳ ಲೆಕ್ಕ

ರೇಷ್ಮೆ ಹುಳು ಸಾಕುವ ಮನೆಯಲ್ಲಿ ಲೆಕ್ಕ ಶುರುವಾಗುವುದು ಕಣ್ಣಿಗೆ ಕಂಡ ದಿನದಿಂದ. ಮೊಟ್ಟೆ ಯಾವತ್ತು ಇಟ್ಟದ್ದೋ ಯಾರೂ ಕೇಳುವುದಿಲ್ಲ. ಒಡೆದು ಹುಳು ಕಂಡರೆ ಅದೇ ಒಂದನೇ ದಿನ. ಶಿಡ್ಲಘಟ್ಟದ ಅಂಚಿನ ನಮ್ಮ ಮನೆಯಲ್ಲಿ ಈ ಲೆಕ್ಕ ಬರೆಯುತ್ತಿದ್ದವಳು ನಾನು. ಯಾವ ದಿನ ಹುಳು ಮೇವು ಬಿಟ್ಟು ಪೊರೆ ಕಳಚಲು ಜ್ವರಕ್ಕೆ ಕೂತಿತು, ಎಷ್ಟು ಮಂಕರಿ ಸೊಪ್ಪು ಬಂತು, ಎಲ್ಲವೂ ನನ್ನ ದಿನಚರಿಯಲ್ಲಿ ಇರುತ್ತಿತ್ತು. ಎಸ್.ಎಸ್.ಎಲ್.ಸಿ. ಮುಗಿಸಿ ಒಂದು ವರ್ಷವಾಗಿತ್ತು. ಅಪ್ಪ ತಾರೀಖು ಬೇಕಾದಾಗಲೆಲ್ಲ ನನ್ನನ್ನೇ ಕೇಳುತ್ತಿದ್ದರು.

ಅದು ಅರವತ್ತರ ದಶಕದ ಕೊನೆ. ಊರು ನಮ್ಮ ಕಡೆಗೆ ಬರುತ್ತಿತ್ತು. ಹಿಂದಿನ ಬಡಾವಣೆ ಮಾಡುವಾಗ ನಮಗೂ ಊರಿಗೂ ನಡುವೆ ಇದ್ದ ಎರಡು ರಾಗಿ ಹೊಲ ಹೋಗಿದ್ದವು. ಅಲ್ಲಿ ಕೆರೆಗೆ ನೀರು ತರುತ್ತಿದ್ದ ಕಾಲುವೆಯ ಮೇಲೆ ಮಣ್ಣು ಸುರಿದು ರಸ್ತೆ ಮಾಡಿದರು. ಮುಂದಿನ ಮಳೆಗೆ ನೀರು ಕೆರೆಗೆ ಹೋಗಲಿಲ್ಲ, ಹೊಸ ಮನೆಗಳ ಒಳಗೆ ಹೋಯಿತು. ಆಮೇಲೆ ಒಂದು ಸೋಮವಾರ ಅಳತೆಯವರು ನಮ್ಮ ಹಿಪ್ಪುನೇರಳೆ ತೋಟದಲ್ಲಿ ಸರಪಳಿ ಎಳೆದರು. ಸುಣ್ಣ ಬಳಿದ ಹದಿನಾಲ್ಕು ಕಲ್ಲು ನೆಟ್ಟರು. ಒಂದು ನಮ್ಮ ಬಾವಿಯ ಪಕ್ಕದಲ್ಲೇ ಇತ್ತು.

ಪಕ್ಕದ ಹೊಲದ ತಾತ ಬೇಲಿಯಾಚೆಯಿಂದ ಅಪ್ಪನನ್ನು ಕೂಗಿದರು. "ಏಮಪ್ಪಾ, ಕಲ್ಲು ಬಿತ್ತಿದ್ದಾರೆ, ಮನೆ ಬೆಳೀತದೆ. ನೀರು ಹಾಯಿಸು."

ಅಪ್ಪ ನಗಲಿಲ್ಲ.

ಆಮೇಲೆ ನೋಟಿಸು ಬಂತು. ನಮ್ಮ ಸರ್ವೆ ನಂಬರು, ವಿಸ್ತೀರ್ಣ, 'ಸಾರ್ವಜನಿಕ ಉದ್ದೇಶ', ಬಡಾವಣೆ. ತಕರಾರು ಇದ್ದವರು ಅಧಿಸೂಚನೆಯ ಮೂವತ್ತು ದಿನದೊಳಗೆ ಬರವಣಿಗೆಯಲ್ಲಿ ಸಲ್ಲಿಸಬೇಕು. ನಾನು ಎರಡು ಸಲ ಓದಿ ಹೇಳಿದೆ.

"ಇನ್ನೂ ಮೂವತ್ತು ದಿನ ಐತಲ್ಲ," ಅಂದರು ಅಪ್ಪ. "ನೀನು ಲೆಕ್ಕ ಇಟ್ಕೊಳಮ್ಮ. ಹುಳ ಹಣ್ಣಾಗ್ಲಿ, ಆಮ್ಯಾಕೆ ಹೋಗಣ."

ನೋಟಿಸು ಮನೆಗೆ ಬಂದ ದಿನದ ಮುಂದೆ ಒಂದು ಎಂದು ಬರೆದೆ. ದಿನಾ ಬೆಳಿಗ್ಗೆ ಒಂದು ಅಂಕಿ ಕೂಡಿಸುತ್ತಿದ್ದೆ. ಸೊಪ್ಪು ಕೊಯ್ಯಲು ಹೋದರೆ ಕಲ್ಲುಗಳನ್ನು ಎಣಿಸುತ್ತಿದ್ದೆ, ಹೆಚ್ಚಾಗಿವೆಯೇನೋ ಎಂದು. ತಕರಾರು ಅರ್ಜಿಯನ್ನು ನಾನೇ ಬರೆದೆ: ಇದು ಬಾವಿ ಇರುವ ತೋಟ, ವರ್ಷಕ್ಕೆ ಐದು ಬೆಳೆ ಹುಳು ಇದರ ಸೊಪ್ಪಿನ ಮೇಲೆ ಬದುಕುತ್ತವೆ, ರಸ್ತೆಯಾಚೆ ಬೀಳು ಜಮೀನು ಇದೆ, ಅದನ್ನು ತೆಗೆದುಕೊಳ್ಳಿ.

ಹುಳು ಹಣ್ಣಾಗಿ ಗೂಡು ಕಟ್ಟಲು ಬಿದಿರಿನ ಚಂದ್ರಂಕಿ ಹತ್ತಿದವು. ಗೂಡು ಬಿಡಿಸಿ ಮಾರಿದ್ದಾಯಿತು. ನನ್ನ ಲೆಕ್ಕದ ಇಪ್ಪತ್ತನಾಲ್ಕನೇ ದಿನ, ಅಂದರೆ ಆರು ದಿನ ಉಳಿದಿರುವಾಗಲೇ, ಅಪ್ಪನೂ ನಾನೂ ಬಸ್ಸು ಹತ್ತಿ ಚಿಕ್ಕಬಳ್ಳಾಪುರದ ಕಚೇರಿಗೆ ಹೋದೆವು.

ಗುಮಾಸ್ತರು ಅರ್ಜಿ ಓದಿದರು. ಕಡತ ಬಿಚ್ಚಿ ಒಂದು ಅಚ್ಚಿನ ಹಾಳೆಯ ಮೇಲೆ ಬೆರಳಿಟ್ಟರು.

"ಯಜಮಾನ್ರೇ, ಆರು ದಿನ ತಡ ಮಾಡಿದ್ರಲ್ಲ."

"ಇಲ್ಲ ಸಾರ್," ಅಂದೆ ನಾನು. "ಇನ್ನೂ ಆರು ದಿನ ಇದೆ." ದಿನಚರಿ ತೆಗೆದು ತೋರಿಸಿದೆ.

ಅವರು ಪುಟವನ್ನು ನಿಧಾನವಾಗಿ ನೋಡಿದರು. "ಚೆನ್ನಾಗಿ ಬರ್ದಿದ್ದೀಯಮ್ಮ. ಆದ್ರೆ ಮೂವತ್ತು ದಿನ ಅನ್ನೋದು ಗೆಜೆಟ್‌ನಲ್ಲಿ ಅಚ್ಚಾದ ದಿನದಿಂದ. ನಿಮ್ಮ ಮನೆಗೆ ಬಂದ ದಿನದಿಂದ ಅಲ್ಲ. ಅಚ್ಚಾಗಿ ಹನ್ನೆರಡು ದಿನಕ್ಕೆ ನಿಮಗೆ ಮುಟ್ಟಿದೆ. ತಕರಾರು ಬಂದಿಲ್ಲ ಅಂತ ವರದಿ ಆಗ್ಲೇ ಹೋಯ್ತು."

"ಏನೂ ಮಾಡಕ್ಕಾಗಲ್ವ ಸ್ವಾಮಿ?" ಅಪ್ಪ ಕೇಳಿದರು.

"ಪರಿಹಾರದ ವಿಚಾರಣೆಗೆ ಕರೀತಾರೆ. ಆವಾಗ ಬಾವಿ, ಗಿಡ ಎಲ್ಲಾ ಹೇಳಿ. ಪಹಣೀಲಿ ನಿಮ್ಮದು ಖುಷ್ಕಿ ಅಂತೈತೆ, ಅದನ್ನ ತಿದ್ದಿಸ್ಕೊಳಿ ಮೊದ್ಲು. ಇಲ್ಲಾಂದ್ರೆ ಮಳೆ ನಂಬಿದ ಹೊಲದ ದರಾನೇ ಕಟ್ಟೋದು."

"ತೋಟ ಬಿಡಬೇಕಾದ್ದು ಯಾವತ್ತು?" ಅಪ್ಪನೇ ಮತ್ತೆ ಕೇಳಿದರು.

"ಅದನ್ನ ನಾನು ಹೇಳಕ್ಕಾಗಲ್ಲ. ತಿಂಗಳೂ ಆಗ್ಬೋದು, ವರ್ಷವೂ ಆಗ್ಬೋದು."

ಬಸ್ಸಿನಲ್ಲಿ ಅಪ್ಪ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಉಸಿರಾಡಬಹುದಿತ್ತು.

ಮುಂದಿನ ಬೆಳೆಗೆ ಅಪ್ಪ ಮೊಟ್ಟೆ ತರಲಿಲ್ಲ. ಹುಳು ಅರ್ಧ ಬೆಳೆದಿರುವಾಗ ತೋಟ ಹೋದರೆ ಸೊಪ್ಪಿಲ್ಲದೆ ತಟ್ಟೆಯಲ್ಲೇ ಸಾಯುತ್ತವೆ ಎಂಬ ಭಯ. ಸೊಪ್ಪು ಗಿಡದಲ್ಲೇ ಬಲಿತು ಒರಟಾಯಿತು. ಬಾಗಿಲಲ್ಲಿ ಯಾರ ಸೈಕಲ್ಲು ನಿಂತರೂ ಅಮ್ಮ ಮಾಡುತ್ತಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದಳು.

ತೋಟ ವಶಕ್ಕೆ ತೆಗೆದುಕೊಳ್ಳುವವರು ಬಂದದ್ದು ಏಳು ತಿಂಗಳ ಮೇಲೆ. ಆ ವೇಳೆಗೆ ಪರಿಹಾರದ ವಿಚಾರಣೆ ಮುಗಿದಿತ್ತು. ಓವರ್‌ಸಿಯರರು ಗಿಡಗಳ ನಡುವೆ ಸುಣ್ಣದ ಗೆರೆ ಹಾಕಿಸಿದರು. ಒಂದೊಂದು ಚೌಕವೂ ಒಂದೊಂದು ಸೈಟು. ನಮ್ಮ ಬಾವಿ ಒಂದು ಅಡ್ಡರಸ್ತೆಯ ನಡುವೆ ಬಿತ್ತು.

ಓವರ್‌ಸಿಯರರು ಬಾವಿಯೊಳಗೆ ಬಗ್ಗಿ ನೋಡಿದರು. "ಎಷ್ಟು ಆಳ ಇದೆ ಯಜಮಾನ್ರೇ? ಮುಚ್ಚಕ್ಕೆ ಎಷ್ಟು ಗಾಡಿ ಮಣ್ಣು ಬೇಕು ಅಂತ ಬರೀಬೇಕು."

ಅಪ್ಪ ನನ್ನ ಕಡೆ ತಿರುಗಿದರು. ಪ್ರತಿ ಬೇಸಿಗೆಯಲ್ಲೂ ಹಗ್ಗ ಬಿಟ್ಟು ಅಳೆದು ಬರೆದಿದ್ದವಳು ನಾನೇ.

"ಗೊತ್ತಿಲ್ಲ," ಅಂದೆ.

ಅವರು ಕೂಲಿಯವನಿಗೆ ಹಗ್ಗ ತರಲು ಹೇಳಿದರು.